ಹುತ್ತದ ರಾಣಿ ಸತ್ತರೆ ದಾರಂದ ಉಳಿಯುತ್ತದೆಯೇ?

ಪ್ರಶ್ನೆ: ಮನೆ ಕಟ್ಟಿಸಿ ಏಳು ವರ್ಷವಾಯಿತು. ಒಳಕೋಣೆಯ ದಾರಂದದ ಬುಡದಲ್ಲಿ ಮಣ್ಣಿನ ಗೆರೆ ಎದ್ದಿದೆ, ಬೆರಳಿಟ್ಟು ಒತ್ತಿದರೆ ಮರ ಒಳಕ್ಕೆ ಹೋಗುತ್ತದೆ. ಒಬ್ಬರು ನೆಲಕ್ಕೆ ತೂತು ಕೊರೆದು ಔಷಧಿ ಬಿಡುತ್ತೇವೆ ಎನ್ನುತ್ತಾರೆ. ಇನ್ನೊಬ್ಬರು ಬೈಟ್ ಇಟ್ಟರೆ ರಾಣಿಯೇ ಸಾಯುತ್ತಾಳೆ ಎನ್ನುತ್ತಾರೆ. ಹಿತ್ತಲಲ್ಲೊಂದು ಹುತ್ತವಿದೆ. ಅದನ್ನೇ ಅಗೆದು ರಾಣಿಯನ್ನು ತೆಗೆದರೆ ಸಾಲದೇ? ಮನೆಯಲ್ಲಿ ಅಮ್ಮ ಹುತ್ತ ಮುಟ್ಟಬೇಡಿ ಎನ್ನುತ್ತಿದ್ದಾರೆ.

ಉತ್ತರ: ಅಮ್ಮನ ಮಾತು ಕೇಳಿ. ನಾಗಪ್ಪನ ಭಯ ಹಾಗಿರಲಿ, ಆ ಹುತ್ತಕ್ಕೂ ನಿಮ್ಮ ದಾರಂದಕ್ಕೂ ಸಂಬಂಧವಿದೆ ಎಂಬುದಕ್ಕೆ ಏನೂ ಆಧಾರವಿಲ್ಲ. ಹುತ್ತ ಕಟ್ಟದೆ ನೆಲದೊಳಗೇ ಗೂಡು ಮಾಡಿಕೊಂಡಿರುವ ಗೆದ್ದಲುಗಳೇ ನಮ್ಮಲ್ಲಿ ಬೇಕಾದಷ್ಟಿವೆ. ಒಂದೇ ಹಿತ್ತಲಲ್ಲಿ ನಾಲ್ಕಾರು ಗೂಡುಗಳಿರಬಹುದು. ಕಷ್ಟಪಟ್ಟು ಅಗೆದು ಹೆಬ್ಬೆರಳು ಗಾತ್ರದ ಆ ರಾಣಿಯನ್ನು ಹಿಡಿದರೂ, ದಾರಂದ ತಿನ್ನುತ್ತಿರುವವರು ಬೇರೆ ಗೂಡಿನವರಾಗಿದ್ದರೆ ಅವರಿಗೆ ಸುದ್ದಿಯೂ ಮುಟ್ಟುವುದಿಲ್ಲ.

ರಾಣಿ ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಅವಳು ಆಳುವುದಿಲ್ಲ, ಮೊಟ್ಟೆ ಇಡುತ್ತಾಳೆ, ಅಷ್ಟೇ. ಪಕ್ಕದಲ್ಲಿ ರಾಜನೂ ಕಡೆತನಕ ಇರುತ್ತಾನೆ. ಜೇನಿನಲ್ಲಿ ಹೀಗಿಲ್ಲ. ಗೆದ್ದಲನ್ನು ಬಿಳಿ ಇರುವೆ ಎಂದು ಕರೆದರೂ ಅದರ ನಂಟು ಇರುವೆಯ ಜೊತೆಗಲ್ಲ, ಜಿರಳೆಯ ಜೊತೆಗೆ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತಿ ರೆಕ್ಕೆ ಉದುರಿಸುವ ಈಸಲು ಹುಳಗಳು ಮುಂದಿನ ರಾಜ ರಾಣಿಯರು. ಬಹುಪಾಲು ಹಲ್ಲಿ, ಕಾಗೆ, ಕೋಳಿಗಳ ಪಾಲಾಗುತ್ತವೆ. ಹುರಿದು ತಿನ್ನುವ ಮನುಷ್ಯರೂ ಇದ್ದಾರೆ.

ಇನ್ನು ಸೈನಿಕರು. ದೊಡ್ಡ ತಲೆ, ಕತ್ತರಿಯಂಥ ದವಡೆ. ಆ ದವಡೆಯಿಂದ ಮರ ಅಗಿಯಲಾಗದು, ಬೇರೆಯವರು ಉಣಿಸಿದರೆ ಮಾತ್ರ ಊಟ. ರಾಣಿಯದೂ ಮರಿಗಳದೂ ಇದೇ ಪಾಡು. ಇಷ್ಟೂ ಬಾಯಿಗಳಿಗೆ ದುಡಿದು ಹಾಕುವವರು ಕುರುಡು ಕೆಲಸಗಾರರು. ದಾರಂದಕ್ಕೆ ಬಾಯಿ ಹಾಕಿದವರೂ ಅವರೇ. ಚರ್ಮ ತೀರಾ ತೆಳು, ಬಿಸಿಲು ಗಾಳಿ ತಾಗಿದರೆ ಒಣಗಿ ಸಾಯುತ್ತಾರೆ. ಅದಕ್ಕೇ ನೆಲದ ತೇವವನ್ನು ಜೊತೆಗೇ ಒಯ್ಯುವ ಆ ಮಣ್ಣಿನ ಕೊಳವೆ. ನೀವು ಕಂಡ ಗೆರೆ ಅವರ ಹೆದ್ದಾರಿ.

ಮರ ಹಾಳಾಗುವ ಬಗೆ ಗೆದ್ದಲಿನ ಜಾತಿಯ ಮೇಲೆ ಹೋಗುತ್ತದೆ. ನಿಮ್ಮ ಮನೆಯ ನಿರ್ಧಾರವೂ ಇಲ್ಲೇ ಇದೆ. ನಮ್ಮ ಹೊಲಗದ್ದೆಗಳಲ್ಲಿ ಹುತ್ತ ಕಟ್ಟುವ ಒಡಾಂಟೋಟರ್ಮಿಸ್ ಗುಂಪಿನವು ಮರದ ಹೊರಮೈಗೆ ಮಣ್ಣು ಮೆತ್ತಿ, ಅದರ ಮರೆಯಲ್ಲಿ ಹೊರಗಿನಿಂದ ಕೆರೆಯುತ್ತಾ ಹೋಗುತ್ತವೆ. ತಿಂದದ್ದನ್ನು ನೇರ ಅರಗಿಸಿಕೊಳ್ಳದೆ ಗೂಡಿನ ಅಣಬೆ ತೋಟಕ್ಕೆ ಗೊಬ್ಬರವಾಗಿ ಹಾಕಿ, ಅಣಬೆ ಮೃದುಮಾಡಿದ ಮೇಲೆ ಉಣ್ಣುತ್ತವೆ. ಕಾಪ್ಟೋಟರ್ಮಿಸ್, ಹೆಟೆರೋಟರ್ಮಿಸ್ ಗುಂಪಿನವು ಹಾಗಲ್ಲ. ಅವುಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳೇ ಮರದ ನಾರನ್ನು ಕರಗಿಸುತ್ತವೆ. ಅವು ಒಳಗೆ ಹೊಕ್ಕು, ನಾರಿನ ಉದ್ದಕ್ಕೂ ಮೆದು ಪದರ ತಿಂದು ಗಟ್ಟಿ ಪದರ ಬಿಡುತ್ತವೆ. ಹೊರಗೆ ಬಣ್ಣದ ಪೊರೆಯಷ್ಟು ಉಳಿಯುತ್ತದೆ. ಬೆರಳು ಒಳಕ್ಕೆ ಹೋಗುತ್ತದೆ ಎಂಬ ನಿಮ್ಮ ಮಾತು ಓದಿದಾಗ ನನ್ನ ಅನುಮಾನ ಈ ಎರಡನೆಯ ಗುಂಪಿನ ಕಡೆಗೇ ಹೋಯಿತು.

ಅನುಮಾನ ಸಾಲದು, ನೋಡಿ ತಿಳಿಯಿರಿ. ಕೊಳವೆಯ ಒಂದಂಗುಲವನ್ನು ಮೆಲ್ಲಗೆ ಮುರಿಯಿರಿ. ಓಡಿಬರುವ ಸೈನಿಕನ ಹಣೆಯಿಂದ ಹಾಲಿನಂಥ ಹನಿ ಒಸರಿದರೆ ಅದು ಕಾಪ್ಟೋಟರ್ಮಿಸ್. ತಲೆ ಉದ್ದವಾಗಿ, ಹಳದಿಯಾಗಿ, ದವಡೆ ಸಪೂರವಾಗಿದ್ದರೆ ಹೆಟೆರೋಟರ್ಮಿಸ್ ಇರಬಹುದು. ಯಾರೂ ಬರದಿದ್ದರೆ ಮೂರು ದಿನ ಬಿಟ್ಟು ನೋಡಿ. ಮುರಿದ ಜಾಗ ಹಸಿ ಮಣ್ಣಿನಿಂದ ಮುಚ್ಚಿದ್ದರೆ ಓಡಾಟ ನಡೆದಿದೆ. ಮಣ್ಣೇ ಇಲ್ಲದೆ ಗೋಧಿ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಅದು ಮರ ಕೊರೆಯುವ ಹುಳ. ಅದಕ್ಕೆ ನೆಲಕ್ಕೆ ಔಷಧಿ ಬಿಡುವುದು ದುಡ್ಡು ದಂಡ.

ಈಗ ಬೈಟ್. ಅದರ ವಿಷ ತಕ್ಷಣ ಕೊಲ್ಲುವುದಿಲ್ಲ, ಕೊಲ್ಲಲೂಬಾರದು. ಅಮೆರಿಕದಲ್ಲಿ 1995ರಲ್ಲಿ ಬಳಕೆಗೆ ಬಂದ ಹೆಕ್ಸಾಫ್ಲುಮುರಾನ್ ಮತ್ತು ಅದೇ ಜಾತಿಯ ರಾಸಾಯನಿಕಗಳು ಹುಳ ಪೊರೆ ಕಳಚಿದಾಗ ಹೊಸ ಪೊರೆ ಮೂಡದಂತೆ ತಡೆಯುತ್ತವೆ. ಕೆಲಸಗಾರ ತಿಂದು ಗೂಡಿಗೆ ಹೋಗಿ ಬಾಯಿಂದ ಬಾಯಿಗೆ ಉಣಿಸುತ್ತಾನೆ. ಪೊರೆ ಬಿಡುವ ಹೊತ್ತಿಗೆ ಒಬ್ಬೊಬ್ಬರೇ ಸಾಯುತ್ತಾರೆ. ದುಡಿಯುವವರಿಲ್ಲದೆ ರಾಣಿ ಉಪವಾಸ ಬೀಳುತ್ತಾಳೆ. ‘ರಾಣಿಯೇ ಸಾಯುತ್ತಾಳೆ’ ಎಂಬ ಮಾತಿನ ಹಿಂದಿರುವುದು ಇದು. ಅವಳಿಗೆ ಪೊರೆ ಬಿಡುವ ಕಾಲ ಎಂದೋ ಮುಗಿದಿರುತ್ತದೆ.

ಕಾಪ್ಟೋಟರ್ಮಿಸ್, ಹೆಟೆರೋಟರ್ಮಿಸ್ ಕೆಲಸಗಾರರು ಬದುಕಿರುವಷ್ಟು ಕಾಲವೂ ಮತ್ತೆಮತ್ತೆ ಪೊರೆ ಬಿಡುತ್ತಾರೆ, ಹಾಗಾಗಿ ಬೈಟ್ ಅಲ್ಲಿ ನಾಟುತ್ತದೆ. ಅಣಬೆ ಬೆಳೆಯುವ ಒಡಾಂಟೋಟರ್ಮಿಸ್‌ನ ಕೆಲಸಗಾರರು ಬೆಳೆದ ಮೇಲೆ ಪೊರೆ ಬಿಡುವುದಿಲ್ಲ. ವಿಷ ಅಣಬೆ ತೋಟ ದಾಟಿ ಮರಿಗಳನ್ನು ಮುಟ್ಟಿದರೆ ಉಂಟು, ಇಲ್ಲವಾದರೆ ಇಲ್ಲ. ಕೆಲಸ ನಿಧಾನ, ಫಲ ನಂಬುವಂತಿಲ್ಲ. ಯಾವ ಗೆದ್ದಲು ಎಂದು ನೋಡದೆಯೇ ಬೈಟ್ ಮಾರುವವರನ್ನು ನಾನಾದರೆ ಬಾಗಿಲಲ್ಲೇ ನಿಲ್ಲಿಸುತ್ತೇನೆ. ಗೆದ್ದಲು ಸರಿಯಾದದ್ದೇ ಇದ್ದರೂ ಮನೆಯ ಸುತ್ತ ನೆಲದಲ್ಲಿ ಹೂತ ಡಬ್ಬಿಯನ್ನು ಅದು ತಾನಾಗಿ ಕಂಡುಕೊಳ್ಳಬೇಕು, ಅದಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ಓಡಾಟವಿರುವ ಕೊಳವೆಯ ಮೇಲೇ ಡಬ್ಬಿ ಕೂರಿಸಿದರೆ ಆ ಕಾಯುವಿಕೆ ತಪ್ಪುತ್ತದೆ. ಅಷ್ಟರಲ್ಲಿ ನೀವು ಸಿಟ್ಟಿನಿಂದ ಸೀಮೆಎಣ್ಣೆ ಸುರಿದರೆ ಅವು ಆ ದಾರಿ ಬಿಟ್ಟು ಬೇರೆ ದಾರಿ ಹಿಡಿಯುತ್ತವೆ, ಬೈಟ್ ಅಲ್ಲೇ ಒಣಗುತ್ತದೆ.

ನೆಲಕ್ಕೆ ಔಷಧಿ ಬಿಡುವುದು ಗೂಡಿನ ಗೊಡವೆಗೆ ಹೋಗುವುದಿಲ್ಲ, ದಾರಿ ಕಡಿಯುತ್ತದೆ. ಮಣ್ಣಿನ ಕೊಳವೆ ಕಟ್ಟಿ ನೆಲದಿಂದ ಬರುವ ಗೆದ್ದಲು ಯಾವ ಜಾತಿಯದಾದರೂ ಅದಕ್ಕೆ ಒಗ್ಗುತ್ತದೆ. ನಿಮ್ಮ ಕೋಣೆ ಹತ್ತಕ್ಕೆ ಹನ್ನೆರಡು ಅಡಿ ಎಂದುಕೊಳ್ಳಿ, ಸುತ್ತಳತೆ 44 ಅಡಿ. ಗೋಡೆಯೂ ನೆಲವೂ ಕೂಡುವ ಮೂಲೆಯಲ್ಲಿ ಅಡಿಗೊಂದು 12 ಮಿಲಿಮೀಟರ್ ತೂತು, ನೆಲಹಾಸು ದಾಟಿ ಕೆಳಗಿನ ಮಣ್ಣು ಮುಟ್ಟುವಷ್ಟು ಆಳ. ತೂತಿಗೆ ಒಂದು ಲೀಟರ್ ಎಂದರೆ 44 ಲೀಟರ್ ದ್ರಾವಣ. ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ ಆದರೆ ಲೀಟರಿಗೆ 2.1 ಮಿಲಿ, ಒಟ್ಟು ಸುಮಾರು 92 ಮಿಲಿ. ಈ ಲೆಕ್ಕ ನೆನಪಿರಲಿ. ಐದು ಲೀಟರಿನ ಕೈಪಂಪು ಹಿಡಿದು ಬಂದು ಅರ್ಧ ಗಂಟೆಯಲ್ಲಿ ಕೋಣೆ ಮುಗಿಸಿದವರು ಮಣ್ಣಿಗೆ ಔಷಧಿ ಬಿಟ್ಟಿಲ್ಲ, ನೆಲ ಒರೆಸಿದ್ದಾರೆ. ಇಮಿಡಾಕ್ಲೋಪ್ರಿಡ್ ಇರುವುದು ಗೆದ್ದಲಿಗೆ ತಿಳಿಯುವುದಿಲ್ಲ, ಹಾದುಹೋಗಿ ಸಾಯುತ್ತದೆ. ಬೈಫೆಂತ್ರಿನ್‌ನಂಥವು ಅದನ್ನು ಹೆದರಿಸಿ ಓಡಿಸುತ್ತವೆ, ಹಾಗಾಗಿ ನಡುವೆ ಒಂದು ತೂತು ತಪ್ಪಿದ್ದರೆ ಅದೇ ಸಂದಿಯಲ್ಲಿ ನುಸುಳುತ್ತದೆ.

ಇದಕ್ಕೂ ಮಿತಿಯಿದೆ. ಪಕ್ಕದಲ್ಲೇ ತೆರೆದ ಬಾವಿಯೋ ಸಂಪೋ ಇದ್ದರೆ ವಿಷ ಇಳಿಸುವುದು ಬೇಡ. ನೆಲದಡಿ ನೀರಿನ ಪೈಪು ಎಲ್ಲಿ ಹೋಗಿದೆ ಎಂದು ಗೊತ್ತಿಲ್ಲದ ಮನೆಯಲ್ಲೂ ಡ್ರಿಲ್ ಹಿಡಿಯಬಾರದು. ಆಗ, ಕಂಡದ್ದು ಹಾಲು ಸುರಿಸುವ ಸೈನಿಕನಾಗಿದ್ದರೆ, ಬೈಟ್ ಒಳ್ಳೆಯ ದಾರಿ.

ನಿಮ್ಮ ಮನೆಯಲ್ಲಿ ಬಾವಿ, ಪೈಪುಗಳ ತೊಡಕಿಲ್ಲದಿದ್ದರೆ ನನ್ನ ಮತ ತೂತು ಕೊರೆಯುವವರಿಗೆ. ದಾರಂದದ ಹಾಳಾದ ಬುಡ ಕತ್ತರಿಸಿ ಬದಲಿಸುವುದು ಔಷಧಿ ಬಿಟ್ಟ ಮೇಲೆ ಇರಲಿ. ಹಲಸೋ ತೇಗವೋ, ಹೊಸ ತುಂಡಿನಲ್ಲಿ ಚೇಗು ಮಾತ್ರ ಇರಲಿ, ಬಿಳಿ ಭಾಗ ಬೇಡ. ಬಚ್ಚಲ ಗೋಡೆ ಆ ದಾರಂದದ ಹಿಂದೆಯೇ ಇದ್ದರೆ ನಲ್ಲಿಯ ಸೋರಿಕೆಯನ್ನು ಮೊದಲು ನಿಲ್ಲಿಸಿ.