ಜಾಲಪುಟದಲ್ಲಿ ನಕಲಿಗೆ ತಡೆ: ಕಾರಣ ಮತ್ತು ಕ್ರಮಬದ್ಧ ಪರಿಹಾರ

ಕೆಲವು ಜಾಲಪುಟಗಳಲ್ಲಿ ಮೌಸಿನ ಬಲಗುಂಡಿಯನ್ನು ಒತ್ತಿದರೆ ಆಯ್ಕೆಪಟ್ಟಿ ತೆರೆಯುವುದಿಲ್ಲ. ಅಕ್ಷರಗಳನ್ನು ಗುರುತು ಮಾಡಲೂ ಸಾಧ್ಯವಾಗುವುದಿಲ್ಲ. ತಮ್ಮ ಬರಹವನ್ನು ಇತರರು ಅನುಮತಿಯಿಲ್ಲದೆ ಮರುಪ್ರಕಟಿಸದಿರಲೆಂದು ಪ್ರಕಾಶಕರು ಈ ಕ್ರಮ ಕೈಗೊಳ್ಳುತ್ತಾರೆ. ಆದರೆ ಬರಹವು ಆಗಲೇ ಓದುಗರ ಗಣಕಯಂತ್ರವನ್ನು ತಲುಪಿರುತ್ತದೆ. ಪುಟದೊಂದಿಗೆ ಬಂದ ಜಾವಾಸ್ಕ್ರಿಪ್ಟ್ ಬಲಗುಂಡಿಯನ್ನು ತಡೆದರೆ, `user-select: none` ಎಂಬ ಸೂಚನೆಯು ಅಕ್ಷರಗಳ ಆಯ್ಕೆಯನ್ನು ತಡೆಯುತ್ತದೆ.

ವಿದ್ಯಾರ್ಥಿಯೊಬ್ಬರಿಗೆ ಇಂತಹ ಲೇಖನದ ಒಂದು ಕಂಡಿಕೆ ಟಿಪ್ಪಣಿಗಾಗಿ ಬೇಕಾಗಿದೆಯೆನ್ನೋಣ. ಫೈರ್‌ಫಾಕ್ಸ್‌ನಲ್ಲಿ ಶಿಫ್ಟ್ ಕೀಲಿಯನ್ನು ಅದುಮಿಕೊಂಡು ಬಲಗುಂಡಿ ಒತ್ತಿದರೆ ಆಯ್ಕೆಪಟ್ಟಿ ತೆರೆಯುತ್ತದೆ. ಅಕ್ಷರಗಳ ಆಯ್ಕೆಗೇ ತಡೆಯಿದ್ದರೆ, ವಿಳಾಸದ ಸಾಲಿನಲ್ಲಿ ಕಾಣುವ ಓದುನೋಟದ ಗುರುತನ್ನು ಒತ್ತಬೇಕು. ಆಗ ಪುಟದ ವಿನ್ಯಾಸವೂ ತಡೆಯ ಸೂಚನೆಯೂ ಕಳಚಿ, ಬರಹ ಮಾತ್ರ ಉಳಿಯುತ್ತದೆ. ಅದನ್ನು ಎಂದಿನಂತೆ ನಕಲು ಮಾಡಬಹುದು. ಬರಹವು ಚಿತ್ರರೂಪದಲ್ಲಿದ್ದರೆ ಈ ವಿಧಾನ ಫಲಿಸದು, ನೋಡಿಕೊಂಡು ಬರೆದುಕೊಳ್ಳಬೇಕಾಗುತ್ತದೆ.

1957ರ ಕೃತಿಸ್ವಾಮ್ಯ ಅಧಿನಿಯಮದ 52ನೆಯ ಪ್ರಕರಣವು ಸ್ವಂತ ಉಪಯೋಗ, ಸಂಶೋಧನೆ ಮತ್ತು ವಿಮರ್ಶೆಗಾಗಿ ಕೃತಿಯ ನ್ಯಾಯೋಚಿತ ಬಳಕೆಗೆ ಅವಕಾಶ ನೀಡಿದೆ. ಕಂಡಿಕೆಯೊಂದನ್ನು ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಳ್ಳುವುದು ಈ ಮಿತಿಯೊಳಗಿನದು. ಇಡೀ ಲೇಖನವನ್ನು ಮರುಪ್ರಕಟಿಸಬೇಕಾದರೆ ಹಕ್ಕುದಾರರ ಅನುಮತಿ ಪಡೆಯತಕ್ಕದ್ದು.