ಅಡಿಬರಹದ ಪ್ರತಿ ಪದಕ್ಕೂ ಒಂದು ಆಧಾರ: ಗೋಡೆಪತ್ರಿಕೆಯ ಒಂದು ಫೋಟೋದಿಂದ ಕಲಿತ ಪಾಠ

ಹಿನ್ನೆಲೆ

ಅಭ್ಯಾಸ ಬೋಧನೆಗೆ ಹೋಗಿದ್ದ ಪ್ರೌಢಶಾಲೆಯಲ್ಲಿ 9ನೇ ತರಗತಿಯ ವಿಜ್ಞಾನ ಪಾಠಗಳ ಜೊತೆಗೆ ಗೋಡೆಪತ್ರಿಕೆಯ ಹೊಣೆಯೂ ನನಗೆ ಬಂದಿತ್ತು. ರಾಷ್ಟ್ರೀಯ ವಿಜ್ಞಾನ ದಿನದ ಸಂಚಿಕೆಗೆ ಒಂದು ಫೋಟೋ ಆರಿಸಿ, ಅದರ ಕೆಳಗೆ ನಾನೇ ಹೀಗೆ ಬರೆದು ಅಂಟಿಸಿದೆ:

"ಫೆ. 28: ಶಾಲೆಯ ಪ್ರಯೋಗಾಲಯದಲ್ಲಿ ರಾಷ್ಟ್ರೀಯ ವಿಜ್ಞಾನ ದಿನವನ್ನು ವಿಜೃಂಭಣೆಯಿಂದ ಆಚರಿಸಲಾಯಿತು. ಚಿತ್ರದಲ್ಲಿ ಎಡದಿಂದ ಕೆ., ಎಸ್., ಡಿ., ಆರ್., ಎಂ. ಮತ್ತಿತರರು ಇದ್ದಾರೆ."

(ಗೋಡೆಯ ಮೇಲೆ ಪೂರ್ಣ ಹೆಸರುಗಳಿದ್ದವು. ಮಕ್ಕಳ ಹೆಸರನ್ನು ಶಾಲೆಯ ಹೊರಗೆ ಅಚ್ಚು ಮಾಡಲು ಅವರ ಮನೆಯವರ ಒಪ್ಪಿಗೆ ಪಡೆದಿಲ್ಲವಾದ್ದರಿಂದ ಇಲ್ಲಿ ಒಂದೊಂದು ಅಕ್ಷರ ಮಾತ್ರ ಕೊಟ್ಟಿದ್ದೇನೆ.)

ಮರುದಿನ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಒಬ್ಬ ಹುಡುಗಿ ಬಂದು ಕೇಳಿದಳು: "ಮಿಸ್, ಮತ್ತಿತರರು ಅಂದ್ರೆ ನಾನಾ?" ಫೋಟೋದಲ್ಲಿ ಐವರ ಹಿಂದೆ ಅವಳ ಅರ್ಧ ಮುಖ ಮತ್ತು ಒಂದು ಕೈ ಕಾಣುತ್ತಿತ್ತು. ಆ ಕೈಯಲ್ಲಿ ಬಾಟಲಿ ಇತ್ತು. ಮೇಜಿನ ಮೇಲಿದ್ದ ನೀರು ಸೋಸುವ ಮಾದರಿಗೆ ಇದ್ದಿಲು ಕುಟ್ಟಿ, ಮರಳು ತೊಳೆದು ತುಂಬಿದವಳು ಅವಳೇ. ನನಗೆ ಉತ್ತರ ತೋಚಲಿಲ್ಲ. ಅಡಿಬರಹವನ್ನು ಮತ್ತೆ ಓದಿದಾಗ ತಪ್ಪು ಅದೊಂದೇ ಅಲ್ಲ ಎಂದು ಗೊತ್ತಾಯಿತು. ಅದನ್ನು ಸದ್ದಿಲ್ಲದೆ ಕಿತ್ತು ಹೊಸದು ಅಂಟಿಸಬಹುದಿತ್ತು. ಮಾರ್ಗದರ್ಶಕ ಶಿಕ್ಷಕಿಯವರು "ಅದನ್ನೇ ಪಾಠ ಮಾಡಿ" ಎಂದರು. ಹಾಗೆ ಮಾಡಿದ ಎರಡು ಅವಧಿಗಳ ಪಾಠದ ವರದಿ ಇದು.

ಪಾಠದ ಉದ್ದೇಶ

ವಿಜ್ಞಾನದಲ್ಲಿ ವೀಕ್ಷಣೆ ಬೇರೆ, ತೀರ್ಮಾನ ಬೇರೆ ಎಂದು ಹೇಳಿಕೊಡುತ್ತೇವೆ. ಫೋಟೋಗೂ ಅದೇ ಮಾತು ಅನ್ವಯಿಸುತ್ತದೆ. ಫೋಟೋದಲ್ಲಿ ಮುಖ ಕಾಣುತ್ತದೆ, ಹೆಸರು ಕಾಣುವುದಿಲ್ಲ. ಬೆಳಕು ಕಾಣುತ್ತದೆ, ತಾರೀಖು ಕಾಣುವುದಿಲ್ಲ. ಗೋಡೆ ಕಾಣುತ್ತದೆ, ಅದು ಯಾವ ಕಟ್ಟಡದ್ದು ಎಂಬುದು ಕಾಣುವುದಿಲ್ಲ. ಹೆಸರು, ಸಮಯ, ಸ್ಥಳ ಮೂರೂ ಚಿತ್ರದ ಹೊರಗಿನಿಂದ ಬರಬೇಕು. ಹಾಗಾಗಿ ಅಡಿಬರಹದ ಪ್ರತಿ ಪದಕ್ಕೂ "ಇದು ನಿನಗೆ ಹೇಗೆ ಗೊತ್ತು?" ಎಂಬ ಪ್ರಶ್ನೆಗೆ ಉತ್ತರ ಇರಬೇಕು ಎನ್ನುವುದು ಪಾಠದ ಉದ್ದೇಶ.

ಮೊದಲ ಅವಧಿ: ನನ್ನ ಅಡಿಬರಹದ ಪರೀಕ್ಷೆ

ಕಪ್ಪುಹಲಗೆಯ ಮೇಲೆ ಮೂರು ಕಂಬಸಾಲು ಎಳೆದೆ: ಚಿತ್ರದಲ್ಲಿ ಕಾಣುವುದು, ಕೇಳಿ ತಿಳಿದದ್ದು, ಊಹೆ. ನನ್ನ ಅಡಿಬರಹದ ಒಂದೊಂದೇ ಮಾತನ್ನು ಮಕ್ಕಳು ಇವುಗಳಲ್ಲಿ ಹಾಕಬೇಕಿತ್ತು.

ಮೊದಲು ಹೆಸರುಗಳು. ನಾನು ಊಹಿಸಿರಲಿಲ್ಲ, ಮಕ್ಕಳನ್ನೇ ಕೇಳಿ ಬರೆದುಕೊಂಡಿದ್ದೆ. ಆದರೂ ತಪ್ಪಾಗಿತ್ತು. ಫೋಟೋ ತೆಗೆದ ಮೇಲೆ "ಸಾಲಾಗಿ ಹೆಸರು ಹೇಳಿ" ಎಂದಿದ್ದೆ. ಅವರು ತಮ್ಮ ಎಡಗಡೆಯ ತುದಿಯಿಂದ ಶುರು ಮಾಡಿದ್ದರು. ಕ್ಯಾಮೆರಾದತ್ತ ಮುಖ ಮಾಡಿ ನಿಂತವರ ಎಡ, ನೋಡುವವರಿಗೆ ಬಲ. ಅಡಿಬರಹದ ಎಡ ಯಾವಾಗಲೂ ನೋಡುವವರ ಎಡ. ಹೀಗೆ ಇಡೀ ಪಟ್ಟಿ ತಿರುಗುಮುರುಗಾಗಿತ್ತು. ಅಂಟಿಸುವ ಮುಂಚೆ ನಾನು ಒಮ್ಮೆ ತಾಳೆ ನೋಡಿದ್ದೆ, ಆದರೆ ನನಗೆ ಚೆನ್ನಾಗಿ ಗುರುತಿದ್ದ ಡಿ. ಒಬ್ಬನನ್ನು ಮಾತ್ರ. ಐದು ಜನರ ಸಾಲನ್ನು ತಿರುಗಿಸಿದರೂ ನಡುವಿನವನು ನಡುವೆಯೇ ಇರುತ್ತಾನೆ! ಎರಡು ತುದಿಯ ಹುಡುಗಿಯರ ಹೆಸರೂ ಒಂದೇ, ಇನಿಷಿಯಲ್ ಮಾತ್ರ ಬೇರೆ. ಹಾಗಾಗಿ ತಪ್ಪು ಓದುವವರ ಕಣ್ಣಿಗೂ ಬೀಳಲಿಲ್ಲ. ಇದರಿಂದ ತರಗತಿಯಲ್ಲಿ ಒಂದು ನಿಯಮ ಮಾಡಿಕೊಂಡೆವು: ತಾಳೆ ನೋಡುವಾಗ ತುದಿಯವರನ್ನು ನೋಡಬೇಕು, ತಲೆ ಎಣಿಸಿ ಹೆಸರು ಎಣಿಸಬೇಕು. ಆರು ತಲೆ, ಐದು ಹೆಸರು ಬಂದರೆ ಎಲ್ಲೋ ಒಬ್ಬರು "ಮತ್ತಿತರರು" ಆಗಿದ್ದಾರೆ ಎಂದರ್ಥ.

ಎರಡನೆಯದು ತಾರೀಖು. ಫೋಟೋ ನನಗೆ ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತು. ಅದರ ಕಡತದ ಹೆಸರು IMG-20250303-WA0007.jpg ಎಂದಿತ್ತು. ಅಂದರೆ 2025ರ ಮಾರ್ಚ್ 3. ಅಡಿಬರಹದಲ್ಲಿ ಫೆಬ್ರುವರಿ 28. ಯಾವುದು ಸರಿ ಎಂದು ಕೇಳಿದಾಗ ತರಗತಿ ಎರಡು ಪಾಲಾಯಿತು. ಸರಿಯುತ್ತರ ಎರಡೂ ಅಲ್ಲ. 28 ಆಚರಣೆಯ ದಿನ. ರಾಮನ್ ಪರಿಣಾಮವನ್ನು 1928ರಲ್ಲಿ ಕಂಡುಕೊಂಡ ನೆನಪಿಗೆ ಗೊತ್ತುಮಾಡಿದ ದಿನ. ನಮ್ಮ ಪ್ರದರ್ಶನ ನಡೆದದ್ದು ಅದರ ಮರುದಿನ, ಮಾರ್ಚ್ 1ರ ಶನಿವಾರ ಬೆಳಿಗ್ಗೆ. ಕಡತದ ಹೆಸರಿನಲ್ಲಿರುವುದು ಫೋಟೋ ನನ್ನ ಫೋನಿಗೆ ಬಂದ ದಿನ. ಚಿತ್ರವನ್ನು ಸಾಮಾನ್ಯವಾಗಿ ಕಳಿಸುವಂತೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ, ತೆಗೆದ ದಿನ ಮತ್ತು ಹೊತ್ತಿನ ದಾಖಲೆ ಅದರಿಂದ ಅಳಿಸಿಹೋಗುತ್ತದೆ. ತೆಗೆದವರ ಫೋನಿನಲ್ಲಿರುವ ಮೂಲ ಚಿತ್ರದ ವಿವರದಲ್ಲಿ ಅದು ಸಿಗುತ್ತದೆ, ಆ ಫೋನಿನ ಗಡಿಯಾರ ಸರಿಯಿದ್ದರೆ. ಫೋಟೋ ತೆಗೆದ ಶಿಕ್ಷಕರ ಫೋನ್ ತರಿಸಿ ನೋಡಿ ಖಾತ್ರಿ ಮಾಡಿಕೊಂಡೆವು.

ಮೂರನೆಯದು ಸ್ಥಳ. ಮೇಜು ಇದ್ದದ್ದು ಪ್ರಯೋಗಾಲಯದಲ್ಲಲ್ಲ, ಅದರ ಮುಂದಿನ ಪಡಸಾಲೆಯಲ್ಲಿ. ಫೋಟೋದ ಅಂಚಿನಲ್ಲಿ ಕಿಟಕಿಯ ಸರಳು ಹೊರಗಿನಿಂದ ಕಾಣುತ್ತಿದ್ದುದನ್ನು ಒಬ್ಬ ಹುಡುಗ ತೋರಿಸಿದ. ವಿಜ್ಞಾನ ಎಂದರೆ ಪ್ರಯೋಗಾಲಯ ಎಂದು ನನ್ನ ಕೈ ತಾನಾಗಿ ಬರೆದಿತ್ತು. ಇದು ಊಹೆಯ ಕಂಬಸಾಲಿಗೆ ಹೋಯಿತು. "ವಿಜೃಂಭಣೆಯಿಂದ" ಎಂಬುದನ್ನು ಯಾವ ಕಂಬಸಾಲಿಗೆ ಹಾಕಬೇಕೆಂದು ಯಾರಿಗೂ ತಿಳಿಯಲಿಲ್ಲ. ಅದನ್ನು ಅಳಿಸಿದೆವು.

ಕೊನೆಗೆ ಕ್ರಿಯಾಪದ. "ಆಚರಿಸಲಾಯಿತು" ಎಂದಾಗ ಮಾಡಿದವರು ಯಾರೆಂಬುದು ಮಾಯವಾಗುತ್ತದೆ. ಅದಲ್ಲದೆ ಅದು ಇಡೀ ದಿನದ ಮಾತು. ಫೋಟೋ ಒಂದು ಕ್ಷಣದ್ದು. ಆ ಕ್ಷಣದಲ್ಲಿ ಒಬ್ಬಳು ಲೋಟದಿಂದ ಕೆಸರು ನೀರು ಸುರಿಯುತ್ತಿದ್ದಾಳೆ. "ಸುರಿಯುತ್ತಿರುವ" ಎಂದು ಬರೆದರೆ ಓದುವವರ ಕಣ್ಣು ನೇರವಾಗಿ ಆ ಲೋಟಕ್ಕೆ ಹೋಗುತ್ತದೆ, ಆಕೆ ಯಾರೆಂದು ಎಡ ಬಲ ಎಣಿಸದೆ ಗೊತ್ತಾಗುತ್ತದೆ. ಪುಟಕ್ಕೆ ಹೊಂದಿಸಲು ಫೋಟೋದ ಅಂಚು ಕತ್ತರಿಸಿದರೆ "ಎಡದಿಂದ ಎರಡನೆಯವಳು" ಕೆಡಬಹುದು, "ಲೋಟ ಹಿಡಿದವಳು" ಕೆಡುವುದಿಲ್ಲ.

ಮಕ್ಕಳು ತಿದ್ದಿ ಬರೆದದ್ದು ಹೀಗಿದೆ:

"ನೀರು ಸೋಸುವ ಮಾದರಿಗೆ ಕೆಸರು ನೀರು ಸುರಿಯುತ್ತಿರುವ ಆರ್. ಜೊತೆಯಲ್ಲಿ (ಎಡದಿಂದ) ಎಂ., ಡಿ., ಎಸ್. ಮತ್ತು ಕೆ.; ಹಿಂದೆ ಬಾಟಲಿ ಹಿಡಿದವಳು ಪಿ. ಎಲ್ಲರೂ 9ನೇ 'ಬಿ' ವಿಭಾಗದವರು. ವಿಜ್ಞಾನ ದಿನದ ಪ್ರದರ್ಶನ, ಪ್ರಯೋಗಾಲಯದ ಮುಂದಿನ ಪಡಸಾಲೆ, 1 ಮಾರ್ಚ್ 2025."

ಎರಡನೆಯ ಅವಧಿ: ಜಗತ್ತಿಗೆಲ್ಲ ಗೊತ್ತಿದ್ದ ಫೋಟೋ

ನಮ್ಮ ತಪ್ಪು ಎರಡು ದಿನದಲ್ಲಿ ಸರಿಹೋಯಿತು. 74 ವರ್ಷ ಹಿಡಿದ ತಪ್ಪೊಂದನ್ನು ಎರಡನೆಯ ಅವಧಿಯಲ್ಲಿ ತೋರಿಸಿದೆ. ಎರಡನೆಯ ಮಹಾಯುದ್ಧದಲ್ಲಿ, 1945ರ ಫೆಬ್ರುವರಿ 23ರಂದು, ಜಪಾನಿನ ಇವೊ ಜಿಮಾ ದ್ವೀಪದ ಸುರಿಬಾಚಿ ಬೆಟ್ಟದ ಮೇಲೆ ಆರು ಅಮೆರಿಕನ್ ಸೈನಿಕರು ಧ್ವಜ ಎತ್ತುತ್ತಿರುವ ಫೋಟೋ ಅದು. ತೆಗೆದವರು ಅಸೋಸಿಯೇಟೆಡ್ ಪ್ರೆಸ್‌ನ ಜೋ ರೋಸೆಂತಾಲ್. ಮುದ್ರಿತ ಪ್ರತಿಯನ್ನು ಗುಂಪುಗಳಿಗೆ ಕೊಟ್ಟು ಅದೇ ಮೂರು ಕಂಬಸಾಲು ತುಂಬಲು ಹೇಳಿದೆ. ಹೆಚ್ಚಿನವರು "ಯುದ್ಧ ಗೆದ್ದು ಧ್ವಜ ಹಾರಿಸುತ್ತಿದ್ದಾರೆ" ಎಂದು ಬರೆದರು. ಕದನ ಮುಗಿದದ್ದು ಅದಾಗಿ ಒಂದು ತಿಂಗಳ ಮೇಲೆ, ಮಾರ್ಚ್ 26ಕ್ಕೆ. ಆರರಲ್ಲಿ ಮೂವರು ಅಷ್ಟರಲ್ಲಿ ಸತ್ತಿದ್ದರು. ಅಲ್ಲದೆ ಅದು ಆ ದಿನ ಅಲ್ಲಿ ಎತ್ತಿದ ಎರಡನೆಯ ಧ್ವಜ. ಮೊದಲು ನೆಟ್ಟಿದ್ದ ಚಿಕ್ಕ ಧ್ವಜವನ್ನು ಇಳಿಸಿ ದೊಡ್ಡದನ್ನು ಏರಿಸುತ್ತಿದ್ದರು. ಕ್ಷಣವನ್ನು ಸರಿಯಾಗಿ ಹೆಸರಿಸದಿದ್ದರೆ ಚಿತ್ರದ ಅರ್ಥವೇ ಬದಲಾಗುತ್ತದೆ ಎಂಬುದಕ್ಕೆ ಇದು ಸಾಕಿತ್ತು.

ಹೆಸರಿನ ಕಥೆ ಇನ್ನೂ ದೊಡ್ಡದು. ಚಿತ್ರದಲ್ಲಿ ಮುಖಗಳು ಸರಿಯಾಗಿ ಕಾಣುವುದಿಲ್ಲ. ರೋಸೆಂತಾಲ್ ಸ್ಥಳದಲ್ಲಿ ಹೆಸರು ಬರೆದುಕೊಂಡಿರಲಿಲ್ಲ. ಫೋಟೋ ಪ್ರಸಿದ್ಧವಾದ ಮೇಲೆ ಹುಡುಕಾಟ ಶುರುವಾಯಿತು, ನೆನಪಿನ ಮೇಲೆ ಪಟ್ಟಿ ತಯಾರಾಯಿತು. ಹಾರ್ಲನ್ ಬ್ಲಾಕ್ ಇರಬೇಕಾದಲ್ಲಿ ಹೆನ್ರಿ ಹ್ಯಾನ್ಸನ್ ಹೆಸರು ಸೇರಿತು. ಇಬ್ಬರೂ ಆಗ ಬದುಕಿರಲಿಲ್ಲ. ಧ್ವಜ ಎತ್ತಿದವರಲ್ಲಿ ಒಬ್ಬರಾದ ಐರಾ ಹೇಸ್ ಇದು ತಪ್ಪೆಂದು ಆಗಲೇ ಹೇಳಿದ್ದರು. ಪಟ್ಟಿ ಪ್ರಕಟವಾಗಿದೆ, ಸುಮ್ಮನಿರು ಎಂಬ ಉತ್ತರ ಬಂತೆಂದು ಆಮೇಲೆ ತಿಳಿಸಿದರು. ಬ್ಲಾಕ್ ಅವರ ತಾಯಿ ಪತ್ರಿಕೆಯಲ್ಲಿ ಬೆನ್ನು ಮಾತ್ರ ಕಂಡು ಇವನು ನನ್ನ ಮಗ ಎಂದು ಹಟ ಹಿಡಿದಿದ್ದರು. 1946ರಲ್ಲಿ ಹೇಸ್ ಟೆಕ್ಸಾಸ್‌ಗೆ ಹೋಗಿ ಬ್ಲಾಕ್ ಅವರ ತಂದೆಗೆ ವಿಷಯ ಹೇಳಿದರು. 1947ರಲ್ಲಿ ಆ ಹೆಸರು ತಿದ್ದುಪಡಿಯಾಯಿತು. 2016ರಲ್ಲಿ ಜಾನ್ ಬ್ರಾಡ್ಲಿ ಬದಲಿಗೆ ಹೆರಾಲ್ಡ್ ಶುಲ್ಟ್ಸ್, 2019ರಲ್ಲಿ ರೆನೆ ಗ್ಯಾನ್ಯಾನ್ ಬದಲಿಗೆ ಹೆರಾಲ್ಡ್ ಕೆಲ್ಲರ್ ಎಂದು ಅಮೆರಿಕದ ಮರೀನ್ ಪಡೆಯೇ ಒಪ್ಪಿಕೊಂಡಿತು. ಅದೇ ಹೊತ್ತಿನ ಬೇರೆ ಫೋಟೋ, ಚಲನಚಿತ್ರಗಳಲ್ಲಿ ಕಾಣುವ ಉಡುಪು, ಸಲಕರಣೆ, ಕೊನೆಗೆ ಬೆರಳಿನ ಮದುವೆ ಉಂಗುರವನ್ನೂ ಹೋಲಿಸಿ ನೋಡಬೇಕಾಯಿತು.

ಶುಲ್ಟ್ಸ್, ಕೆಲ್ಲರ್ ಇಬ್ಬರೂ ಅಷ್ಟರಲ್ಲಿ ತೀರಿಹೋಗಿದ್ದರು ಎಂದಾಗ ತರಗತಿ ಸುಮ್ಮನಾಯಿತು. ಪಿ. ಮಾತ್ರ ಹೇಳಿದಳು: "ಅಲ್ಲೇ ಒಂದು ಚೀಟಿ ಬರೆದುಕೊಂಡಿದ್ರೆ ಸಾಕಿತ್ತಲ್ಲ, ಮಿಸ್."

ಯುದ್ಧಭೂಮಿಯಲ್ಲಿ ಚೀಟಿ ಬರೆಯುವುದು ಸುಲಭವಲ್ಲ ಎಂದು ಹೇಳಿದೆ. ಆಗ ಇನ್ನೊಂದು ಪ್ರಶ್ನೆ ಬಂತು: ಹೆಸರು ಸಿಗದಿದ್ದರೆ ಏನು ಮಾಡಬೇಕು? ಉತ್ತರ ತರಗತಿಯೇ ಕಂಡುಕೊಂಡಿತು. "ಹೆಸರು ತಿಳಿದುಬಂದಿಲ್ಲ" ಎಂದು ಬರೆಯಬೇಕು. ಖಾಲಿ ಬಿಟ್ಟ ಜಾಗವನ್ನು ನಾಳೆ ಯಾರಾದರೂ ತುಂಬಬಹುದು. ತಪ್ಪು ಹೆಸರು ತುಂಬಿದ ಜಾಗವನ್ನು ಯಾರೂ ಹುಡುಕುವುದಿಲ್ಲ.

ಮೌಲ್ಯಮಾಪನ ಮತ್ತು ನನ್ನ ಟಿಪ್ಪಣಿ

ಪ್ರತಿ ಗುಂಪಿಗೂ ಶಾಲೆಯ ಹಳೆಯ ಒಂದೊಂದು ಫೋಟೋ ಕೊಟ್ಟೆ. ಅಡಿಬರಹದ ಜೊತೆಗೆ ಪ್ರತಿ ವಿವರ ಯಾರಿಂದ ತಿಳಿಯಿತು ಎಂಬುದನ್ನೂ ಬರೆಯಬೇಕಿತ್ತು. ಅಂಕ ಕೊಟ್ಟದ್ದು ಆ ಆಧಾರಗಳಿಗೆ, ಭಾಷೆಯ ಸೊಗಸಿಗಲ್ಲ. ಎರಡು ಗುಂಪುಗಳು ಬಿಸಿಯೂಟದ ಅಡುಗೆಯವರನ್ನೂ ನಿವೃತ್ತ ಜವಾನರನ್ನೂ ಕೇಳಿ ಹೆಸರು ತಂದವು. ಒಂದು ಗುಂಪು ಇಬ್ಬರನ್ನು ಗುರುತಿಸಲಾಗದೆ ಹಾಗೆಯೇ ಬರೆಯಿತು. ಅದಕ್ಕೂ ಪೂರ್ಣ ಅಂಕ ಕೊಟ್ಟೆ.

ಪಾಠದ ಕೊರತೆಯನ್ನೂ ಹೇಳಬೇಕು. ಇವೊ ಜಿಮಾದ ಪರಕೀಯ ಹೆಸರುಗಳು ಹಿಂದಿನ ಬೆಂಚಿನ ಮಕ್ಕಳಿಗೆ ಭಾರವಾದವು. ಮತ್ತೆ ಮಾಡುವುದಾದರೆ ಬ್ಲಾಕ್, ಹ್ಯಾನ್ಸನ್, ಹೇಸ್ ಈ ಮೂವರ ಕಥೆಗೆ ನಿಲ್ಲಿಸುತ್ತೇನೆ. ವೀಕ್ಷಣೆಗೆ ಬಂದಿದ್ದ ಉಪನ್ಯಾಸಕರು, ಮಕ್ಕಳು ತಾವೇ ಫೋಟೋ ತೆಗೆದು ಸ್ಥಳದಲ್ಲೇ ಚೀಟಿ ಬರೆಯುವ ಚಟುವಟಿಕೆ ಇರಬೇಕಿತ್ತು ಎಂದರು. ಅದು ಸರಿ.

ಹೊಸ ಅಡಿಬರಹವನ್ನು ಹಳೆಯದರ ಕೆಳಗೇ ಅಂಟಿಸಿದೆವು, ಹಳೆಯದನ್ನು ಕೀಳಲಿಲ್ಲ. ಮೇಲೆ "ತಿದ್ದುಪಡಿ" ಎಂದು ಕೆಂಪು ಶಾಯಿಯಲ್ಲಿ ಬರೆದದ್ದು ಪಿ.