ಎಳೆಯ ಮಕ್ಕಳಿಗೆ ಕೆಮ್ಮಿನ ಸಿರಪ್ಪು ಏಕೆ ಬೇಡ?

ರಾಗಿ ಒಕ್ಕಣೆಯ ಕಾಲ. ಹೊಟ್ಟಿನ ದೂಳಿಗೂ ಮುಂಜಾವಿನ ಚಳಿಗೂ ಮನೆಮಂದಿಗೆಲ್ಲ ಕೆಮ್ಮು. ಅಜ್ಜನಿಗೆಂದು ತಂದ ಸಿರಪ್ಪಿನ ಸೀಸೆ ಗೂಡಿನಲ್ಲಿದೆ. ರಾತ್ರಿ ಎರಡು ವರ್ಷದ ಮೊಮ್ಮಗು ಬಿಡದೆ ಕೆಮ್ಮುತ್ತದೆ. "ಅವರಿಗೆ ಎರಡು ಚಮಚ ಕೊಡ್ತೀವಲ್ಲ, ಮಗೂಗೆ ಒಂದು ಸಾಕು ಬಿಡಮ್ಮ" ಎಂದು ಅತ್ತೆ ಸೊಸೆಗೆ ಹೇಳುತ್ತಾರೆ. ಸ್ವಲ್ಪ ಹೊತ್ತಿಗೆ ಮಗು ಕೆಮ್ಮು ನಿಲ್ಲಿಸಿ ಮಲಗುತ್ತದೆ. ಔಷಧಿ ಹಿಡಿಯಿತೆಂದು ಎಲ್ಲರಿಗೂ ಸಮಾಧಾನ.

ಆ ಚಮಚದಲ್ಲಿ ಏನಿತ್ತೆಂದು ನೋಡೋಣ. ಇಂಥ ಒಂದು ಸಿರಪ್ಪಿನ ಚೀಟಿಯಲ್ಲಿ, 5 ಮಿ.ಲೀ.ಗೆ ಕೊಡೀನ್ 10 ಮಿಲಿಗ್ರಾಂ, ನಿದ್ದೆ ಬರಿಸುವ ಕ್ಲೋರ್‌ಫೆನಿರಮೈನ್ 4 ಮಿಲಿಗ್ರಾಂ ಎಂದಿರುತ್ತದೆ. ಕೊಡೀನ್ ಅಫೀಮಿನ ಜಾತಿಯದು. ಅದು ಗಂಟಲಿನ ಕಫವನ್ನು ಕರಗಿಸುವುದಿಲ್ಲ. ಮೆದುಳಿನಲ್ಲಿ ಕೆಮ್ಮನ್ನು ಹುಟ್ಟಿಸುವ ಜಾಗವನ್ನು ಮಂಕುಗೊಳಿಸುತ್ತದೆ. ಕಫ ಎಲ್ಲಿತ್ತೋ ಅಲ್ಲೇ ಉಳಿಯುತ್ತದೆ, ಅದನ್ನು ಹೊರದೂಡುವ ಕೆಮ್ಮು ಮಾತ್ರ ನಿಲ್ಲುತ್ತದೆ.

ನಿಜವಾದ ಅಪಾಯ ಯಕೃತ್ತಿನಲ್ಲಿದೆ. ಕೊಡೀನಿನ ಒಂದು ಪಾಲನ್ನು ಯಕೃತ್ತು ಮಾರ್ಫಿನ್ ಆಗಿ ಮಾರ್ಪಡಿಸುತ್ತದೆ. ಈ ಕೆಲಸದ ವೇಗ ಎಲ್ಲರಲ್ಲೂ ಒಂದೇ ಅಲ್ಲ. ಹುಟ್ಟಿನಿಂದಲೇ ಕೆಲವರಲ್ಲಿ ಅದು ಬಹಳ ಚುರುಕು. ಮಗುವಿನ ಮುಖ ನೋಡಿ, ತೂಕ ನೋಡಿ ಇದನ್ನು ತಿಳಿಯಲಾಗದು. ಅಂಥ ಮಗುವಿನಲ್ಲಿ ಸಾಮಾನ್ಯ ಪ್ರಮಾಣವೂ ಹೆಚ್ಚಿನ ಮಾರ್ಫಿನ್ ಆಗಿ ಉಸಿರಾಟವನ್ನು ನಿಧಾನಗೊಳಿಸುತ್ತದೆ. ನಿದ್ರೆ ಬಂತೆಂದು ನಾವು ತಿಳಿದುಕೊಂಡದ್ದು ಉಸಿರು ಕುಗ್ಗುತ್ತಿರುವ ಲಕ್ಷಣವೂ ಆಗಿರಬಹುದು. ಈ ಕಾರಣಕ್ಕೇ 12 ವರ್ಷದೊಳಗಿನ ಮಕ್ಕಳ ಕೆಮ್ಮಿಗೆ ಕೊಡೀನ್ ಕೂಡದೆಂದು ಯುರೋಪಿನಲ್ಲಿ 2015ರಲ್ಲಿ, ಅಮೆರಿಕದಲ್ಲಿ 2017ರಲ್ಲಿ ನಿರ್ಧರಿಸಲಾಯಿತು. ಮೊಲೆಹಾಲಿನ ಮೂಲಕವೂ ಅದು ಇಳಿಯುವುದರಿಂದ ಬಾಣಂತಿಯರೂ ಕುಡಿಯಬಾರದು.

ಇನ್ನು ಅಳತೆ. ಔಷಧಿಯ ಚಮಚವೆಂದರೆ 5 ಮಿ.ಲೀ. ಅಡಿಗೆ ಮನೆಯ ಚಮಚ ಅದರ ಎರಡರಷ್ಟು ಹಿಡಿದರೂ ಆಶ್ಚರ್ಯವಿಲ್ಲ. ಹಾಗಾದರೆ ಅಜ್ಜಿ ಅರ್ಧವೆಂದು ಕೊಟ್ಟದ್ದು ಅಜ್ಜನ ಪೂರ್ತಿ ಪ್ರಮಾಣವೇ ಆಯಿತು! ಬೆಳೆಗೆ ಹೊಡೆಯುವ ಔಷಧಿಯನ್ನು ಮುಚ್ಚಳದಲ್ಲಿ ಗೆರೆ ನೋಡಿ ಅಳೆಯುವ ಕೈಗಳೇ ಮಗುವಿನ ಬಾಯಿಗೆ ಅಂದಾಜಿನಲ್ಲಿ ಸುರಿಯುತ್ತವೆ.

"ನಮ್ಮ ಸೀಸೆಯಲ್ಲಿ ಕೊಡೀನ್ ಇಲ್ಲ" ಎನ್ನುವವರು ಡೆಕ್ಸ್‌ಟ್ರೊಮೆಥಾರ್ಫಾನ್ ಎಂಬ ಹೆಸರಿದೆಯೇ ನೋಡಲಿ. ಇದೂ ಮೆದುಳಿನ ಮೇಲೇ ಕೆಲಸ ಮಾಡುತ್ತದೆ. 2021ರಲ್ಲಿ ದೆಹಲಿಯ ಕಲಾವತಿ ಸರನ್ ಮಕ್ಕಳ ಆಸ್ಪತ್ರೆಯಲ್ಲಿ ಈ ಔಷಧಿಯ ವಿಷಬಾಧೆಯಿಂದ 16 ಮಕ್ಕಳು ದಾಖಲಾಗಿ ಮೂವರು ತೀರಿಕೊಂಡರು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇದನ್ನು ಬರೆಯಬಾರದೆಂದು ಕೇಂದ್ರದ ಆರೋಗ್ಯ ಸೇವಾ ನಿರ್ದೇಶನಾಲಯ ಆಗ ದೆಹಲಿ ಸರಕಾರಕ್ಕೆ ತಿಳಿಸಿತು. ಇಲ್ಲಿ ಸಮಸ್ಯೆ ತಿರುಗುಮುರುಗು: ಯಕೃತ್ತು ನಿಧಾನವಾಗಿರುವವರಲ್ಲಿ ಈ ಔಷಧಿ ಮೈಯಲ್ಲಿ ಬಹಳ ಹೊತ್ತು ಉಳಿದುಬಿಡುತ್ತದೆ. ಅಷ್ಟು ಮಾಡಿ ಲಾಭವಾದರೂ ಉಂಟೇ? 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ರಾತ್ರಿ ಕೆಮ್ಮಿನ ಮಕ್ಕಳಿಗೆ ಏನೂ ಕೊಡದಿರುವುದಕ್ಕಿಂತ ಇದು ಹೇಳಿಕೊಳ್ಳುವಷ್ಟು ಮೇಲಾಗಲಿಲ್ಲ. ತಂದೆತಾಯಿಯರ ಲೆಕ್ಕದಲ್ಲಿ ಜೇನುತುಪ್ಪಕ್ಕೇ ಮೊದಲ ಸ್ಥಾನ ಸಿಕ್ಕಿತು.

2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಮಕ್ಕಳು ಸತ್ತದ್ದು ಬೇರೆ ಕಾರಣಕ್ಕೆ. ಅಲ್ಲಿ ಸಿರಪ್ಪಿಗೆ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತು ಮೂತ್ರಪಿಂಡಗಳು ಕೆಟ್ಟವು. ನಾವು ಹೇಳುತ್ತಿರುವ ಅಪಾಯ ಸರಿಯಾಗಿ ತಯಾರಾದ ಔಷಧಿಯಲ್ಲೂ ಇದೆ. ಆ ವರ್ಷದ ಅಕ್ಟೋಬರಿನಲ್ಲಿ ಕೇಂದ್ರವು ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಔಷಧಿ ಬರೆಯಲೇಬಾರದು, ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದಿತು.

ಹಾಗಾದರೆ ಏನು ಮಾಡುವುದು? ನೆಗಡಿಯ ಕೆಮ್ಮು ಬಹುಪಾಲು ತಾನಾಗಿಯೇ ಹೋಗುತ್ತದೆ. ಆಗಾಗ ಬೆಚ್ಚಗಿನ ನೀರು ಅಥವಾ ಗಂಜಿತಿಳಿ ಕೊಡಿ. ವರ್ಷ ತುಂಬಿದ ಮಗುವಿಗೆ ಮಲಗುವಾಗ ಅರ್ಧ ಟೀ ಚಮಚ ಜೇನುತುಪ್ಪ ಸಾಕು. ವರ್ಷ ತುಂಬದ ಕೂಸಿಗೆ ಜೇನು ಬೇಡವೇ ಬೇಡ. ಒಲೆಯ ಹೊಗೆಯಿಂದ ದೂರ ಮಲಗಿಸಿ. ಮಗು ಸುಮ್ಮನಿರುವಾಗ ಗಡಿಯಾರ ಹಿಡಿದು ಒಂದು ಪೂರ್ತಿ ನಿಮಿಷ ಉಸಿರನ್ನು ಎಣಿಸಿ. ಎರಡು ತಿಂಗಳೊಳಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಮೇಲ್ಪಟ್ಟು ಬಂದರೆ, ಇಲ್ಲವೇ ಪಕ್ಕೆಲುಬಿನ ಕೆಳಗೆ ಎದೆ ಒಳಸೇರುತ್ತಿದ್ದರೆ, ಅದು ನ್ಯುಮೋನಿಯ ಇರಬಹುದು, ಡಾಕ್ಟರರಲ್ಲಿಗೆ ಹೋಗಬೇಕು.

ಸಿರಪ್ಪು ಈಗಾಗಲೇ ಹೋಗಿದ್ದು, ಮಗು ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ತೂರಾಡಿದರೆ, ಉಸಿರು ನಿಧಾನವಾದರೆ, ತುಟಿ ನೀಲಿಯಾದರೆ, ವಾಂತಿ ಮಾಡಿಸಲು ಹೋಗದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಕೊಡೀನಿಗೆ ಅಲ್ಲಿ ನಲಾಕ್ಸೋನ್ ಎಂಬ ಪ್ರತಿಮದ್ದು ಚುಚ್ಚುತ್ತಾರೆ. ಸೀಸೆಯನ್ನು ಮರೆಯದೆ ಕೊಂಡೊಯ್ಯಿರಿ. ಕೊಡೀನಿನಿಂದ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ, ಹೊಲದ ಕೆಲವು ಕೀಟನಾಶಕಗಳಿಂದಲೂ ಹಾಗೇ ಆಗುತ್ತದೆ. ರೈತರ ಮನೆಯ ಮಗುವೆಂದರೆ ಡಾಕ್ಟರರಿಗೆ ಎರಡರ ಅನುಮಾನವೂ ಬರುತ್ತದೆ. ಏನು ಕುಡಿಸಿದಿರಿ, ಎಷ್ಟು, ಎಷ್ಟು ಗಂಟೆಗೆ ಎಂದು ನಾಚಿಕೆಪಡದೆ ಹೇಳಿಬಿಡಿ.